ಕೂಡುವುದು ಒಂದೇ ಸಲ, ಓದುವುದು ಎರಡು ಥರ

(ಡಿಪ್ಲೊಮಾ ಮತ್ತು ಬಿಇ ಓದುತ್ತಿರುವ ಮಕ್ಕಳ ಮುಂದೆ ಒಂದು ಸಂಜೆ ಆಡಿದ ಮಾತು ಇದು. ಬೋರ್ಡಿನ ಮೇಲೆ ಗೀಚಿದ್ದನ್ನೆಲ್ಲ ಇಲ್ಲಿ ಬಾಯಿಮಾತಿಗೆ ಇಳಿಸಿದ್ದೇನೆ. ನಡುನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.)

ಮೊದಲು ನನ್ನದೇ ಒಂದು ಎಡವಟ್ಟಿನ ಕಥೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಮನೆಯಲ್ಲಿ ಕಾಫಿ ಬೀಜ ಹುರಿಯೋಕೆ ಒಂದು ಚಿಕ್ಕ ಯಂತ್ರ ಕಟ್ಟುತ್ತಿದ್ದೆ. ಒಳಗಿದ್ದದ್ದು ATtiny13. ಎಂಟು ಕಾಲಿನ ಚಿಪ್, ಪ್ರೋಗ್ರಾಂಗೆ ಒಂದು ಕಿಲೋಬೈಟ್ ಜಾಗ, ರ‍್ಯಾಮ್ 64 ಬೈಟ್. ಇಷ್ಟು ಇಕ್ಕಟ್ಟು ಇದ್ದಿದ್ದರಿಂದ ಅಸೆಂಬ್ಲಿಯಲ್ಲೇ ಬರೆದೆ. ಲೆಕ್ಕ ಸರಳವಾಗಿತ್ತು. ಹತ್ತು ಸೆಕೆಂಡಿಗೊಮ್ಮೆ, ಬೇಕಾದ ಬಿಸಿಗೂ ಇರುವ ಬಿಸಿಗೂ ಎಷ್ಟು ವ್ಯತ್ಯಾಸ ಅಂತ ನೋಡುವುದು, ಅದು 15 ದಾಟಿದ್ದರೆ 15ಕ್ಕೇ ನಿಲ್ಲಿಸುವುದು, ಆಮೇಲೆ ಅದನ್ನು ಒಂದು ಮೊತ್ತಕ್ಕೆ ಕೂಡುತ್ತಾ ಹೋಗುವುದು. ಮೊತ್ತ ಸೊನ್ನೆಗಿಂತ ಕೆಳಗಿದ್ದರೆ ಹೀಟರ್ ಆಫ್, ಇಲ್ಲದಿದ್ದರೆ ಆನ್. ಮೊತ್ತ ಇದ್ದದ್ದು ಒಂದೇ ಬೈಟ್‌ನಲ್ಲಿ.

ಆನ್ ಮಾಡಿದೆ. ಎಂಬತ್ತು ಸೆಕೆಂಡ್ ಹೀಟರ್ ಚೆನ್ನಾಗಿ ಉರಿಯಿತು, ಆಮೇಲೆ ಟಕ್ ಅಂತ ಆಫ್ ಆಯಿತು. ಬೀಜ ಇನ್ನೂ ತಣ್ಣಗಿತ್ತು. ಒಂದೂವರೆ ನಿಮಿಷ ಸುಮ್ನೆ ಕೂತು ಮತ್ತೆ ಆನ್ ಆಯಿತು. ಮತ್ತೆ ಎಂಬತ್ತು ಸೆಕೆಂಡ್, ಮತ್ತೆ ಆಫ್. ರಿಲೇ ಹೋಗಿದೆ ಅಂದುಕೊಂಡು ರಿಲೇ ಬದಲಿಸಿದೆ, ಸೆನ್ಸರ್ ಬದಲಿಸಿದೆ, ಕೊನೆಗೆ ಬೆಸುಗೆಯನ್ನೂ ಬಿಚ್ಚಿ ಮತ್ತೆ ಹಾಕಿದೆ. ತಪ್ಪು ಯಾವಾಗಲೂ ಗಡಿಯಾರದ ಹಾಗೆ ಅಷ್ಟೇ ಸಮಯಕ್ಕೆ ಬರುತ್ತಿದೆ ಅಂದರೆ ಅದು ತಂತಿಯ ತಪ್ಪಲ್ಲ, ಲೆಕ್ಕದ ತಪ್ಪು ಅಂತ ಹೊಳೆಯೋಕೆ ನನಗೆ ಎರಡು ದಿನ ಬೇಕಾಯಿತು.

ಆಗಿದ್ದು ಏನು ಅಂತ ನೋಡೋಣ. ಮೊತ್ತ 15, 30, 45 ಹೀಗೆ ಏರುತ್ತಾ ಎಂಟನೇ ಸಲಕ್ಕೆ 120 ಆಯಿತು. ಒಂಬತ್ತನೇ ಸಲ 120ಕ್ಕೆ 15 ಕೂಡಿದರೆ 135 ಬರಬೇಕು, ಅಲ್ವಾ? ಚಿಪ್ಪಿನಲ್ಲಿ ಆಗಿದ್ದೂ ಅದೇ.

```
  0111 1000    (120)
+ 0000 1111    ( 15)
  ---------
  1000 0111
```

ಈ ಕೊನೆಯ ಸಾಲನ್ನು ಬರೀ ಧನ ಸಂಖ್ಯೆ ಅಂತ ಓದಿದರೆ 135. ಆದರೆ ನಾನು ಋಣ ಸಂಖ್ಯೆಯೂ ಬರಬಹುದು ಅಂತ ಮೇಲಿನ ಬಿಟ್ಟನ್ನು ಚಿಹ್ನೆಗೆ ಮೀಸಲಿಟ್ಟಿದ್ದೆ. ಆ ಲೆಕ್ಕದಲ್ಲಿ ಇದು -121. ಮೊತ್ತ ಋಣ ಆಯಿತು, ಹೀಟರ್ ಆಫ್. ಅಲ್ಲಿಂದ ಮತ್ತೆ 15, 15 ಕೂಡುತ್ತಾ -106, -91 ಅಂತ ಹತ್ತಿ, -1 ಮುಗಿದು 14ಕ್ಕೆ ಬರುವಷ್ಟರಲ್ಲಿ ಒಂಬತ್ತು ಸುತ್ತು. ಒಂಬತ್ತು ಸುತ್ತು ಅಂದರೆ ತೊಂಬತ್ತು ಸೆಕೆಂಡ್. ನನ್ನ ಒಂದೂವರೆ ನಿಮಿಷ ಅಲ್ಲಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಚಿಪ್ ಎಲ್ಲೂ ತಪ್ಪು ಮಾಡಿಲ್ಲ. ಕೂಡುವ ಸರ್ಕ್ಯೂಟ್ ಒಂದೇ ಒಂದು ಇದೆ, ಅದಕ್ಕೆ ನಿಮ್ಮ ಸಂಖ್ಯೆ ಸೈನ್ಡ್ ಅಂತಲೂ ಗೊತ್ತಿಲ್ಲ, ಅನ್‌ಸೈನ್ಡ್ ಅಂತಲೂ ಗೊತ್ತಿಲ್ಲ. `ADD` ಅನ್ನುವ ಆದೇಶವೂ ಒಂದೇ. ಸೈನ್ಡ್‌ಗೆ ಬೇರೆ `ADD`, ಅನ್‌ಸೈನ್ಡ್‌ಗೆ ಬೇರೆ `ADD` ಅಂತ ಇಲ್ಲ. ಹಾಗಾದರೆ ಚಿಪ್ ಏನು ಮಾಡುತ್ತದೆ? ಒಂದು ಸಲ ಕೂಡಿ, ಎರಡೂ ಓದಿಗೆ ಬೇಕಾದ ವರದಿಯನ್ನು ಬರೆದಿಟ್ಟುಬಿಡುತ್ತದೆ. ಯಾವ ವರದಿ ನೋಡಬೇಕು ಅನ್ನುವುದು ನೀವು ಮುಂದೆ ಬರೆಯುವ ಬ್ರ್ಯಾಂಚ್ ಆದೇಶದಲ್ಲಿರುತ್ತದೆ. ನಾನು ವರದಿಯನ್ನೇ ನೋಡಿರಲಿಲ್ಲ.

ವರದಿ ಇರುವ ಜಾಗದ ಹೆಸರು `SREG`. ಎಂಟು ಬಿಟ್ ಇದೆ. ನಮಗೆ ಇವತ್ತು ಬೇಕಾದದ್ದು ಕೆಳಗಿನ ಐದು: ಕ್ಯಾರಿ, ಝೀರೋ, ನೆಗೆಟಿವ್, ಓವರ್‌ಫ್ಲೋ, ಸೈನ್. ಅದರಲ್ಲೂ ಕ್ಯಾರಿ ಸುಲಭ. ಪ್ರೈಮರಿ ಸ್ಕೂಲಿನ ದಶಕ ಸಹಿತ ಸಂಕಲನ ನೆನಪಿದೆಯಾ? ಏಳೂ ಐದು ಹನ್ನೆರಡು, ಎರಡು ಬರೆದು ಒಂದು ದಶಕ. ಎಡತುದಿಯ ಕಾಲಮ್ಮಿನಲ್ಲೂ ದಶಕ ಹುಟ್ಟಿದರೆ ಅದನ್ನು ಬರೆಯೋಕೆ ಬೈಟ್‌ನಲ್ಲಿ ಜಾಗ ಇರುವುದಿಲ್ಲ. ಅದು ಹೋಗಿ ಬೀಳುವ ಜಾಗವೇ ಕ್ಯಾರಿ ಫ್ಲ್ಯಾಗ್. 200ಕ್ಕೆ 100 ಕೂಡಿದರೆ ಬೈಟ್‌ನಲ್ಲಿ ಉಳಿಯುವುದು 44, ಕ್ಯಾರಿ 1. ಆ 1ರ ಬೆಲೆ 256. 256ಕ್ಕೆ 44 ಸೇರಿಸಿ, 300. ಏನೂ ಕಳೆದುಹೋಗಿಲ್ಲ.

ಅದೇ ಬಿಟ್‌ಗಳನ್ನು ಸೈನ್ಡ್ ಅಂತ ಓದಿ. 200 ಅಂದರೆ -56. ಅದಕ್ಕೆ 100 ಕೂಡಿದರೆ 44. ಉತ್ತರ ಪಕ್ಕಾ ಸರಿ! ಕ್ಯಾರಿ ಎದ್ದಿದೆ, ಆದರೂ ಸೈನ್ಡ್ ಓದಿನಲ್ಲಿ ಏನೂ ಕೆಟ್ಟಿಲ್ಲ. ನನ್ನ 120 ಮತ್ತು 15ರಲ್ಲಿ ಇದರ ಉಲ್ಟಾ. ಕ್ಯಾರಿ ಸೊನ್ನೆಯೇ, ಆದರೆ ಸೈನ್ಡ್ ಓದು ಕೆಟ್ಟಿದೆ. ಅಂದರೆ ಕ್ಯಾರಿ ನೋಡಿ ಸೈನ್ಡ್ ಲೆಕ್ಕದ ಬಗ್ಗೆ ಏನನ್ನೂ ಹೇಳೋಕಾಗುವುದಿಲ್ಲ. ಅದಕ್ಕೇ ಓವರ್‌ಫ್ಲೋ ಅಂತ ಬೇರೆ ಫ್ಲ್ಯಾಗ್ ಇರುವುದು.

ಓವರ್‌ಫ್ಲೋ ಯಾವಾಗ ಏಳುತ್ತದೆ? ಪುಸ್ತಕದಲ್ಲಿ ಎರಡು ಥರ ಹೇಳುತ್ತಾರೆ. ಎರಡು ಧನ ಕೂಡಿ ಋಣ ಬಂದರೆ, ಇಲ್ಲವೇ ಎರಡು ಋಣ ಕೂಡಿ ಧನ ಬಂದರೆ ಏಳುತ್ತದೆ ಅನ್ನುವುದು ಒಂದು. ಒಂದು ಧನ ಒಂದು ಋಣ ಕೂಡಿದರೆ ಯಾವತ್ತೂ ಏಳುವುದಿಲ್ಲ, ಯಾಕೆಂದರೆ ಉತ್ತರ ಇಬ್ಬರ ನಡುವೆಯೇ ಎಲ್ಲೋ ಇರುತ್ತದೆ. ಇನ್ನೊಂದು ಹೇಳಿಕೆ ಸರ್ಕ್ಯೂಟ್ ಮಾಡುವವರದ್ದು: ಮೇಲಿನ ಬಿಟ್‌ಗೆ ಒಳಬಂದ ಕ್ಯಾರಿ ಮತ್ತು ಅದರಿಂದ ಹೊರಹೋದ ಕ್ಯಾರಿ ಬೇರೆ ಬೇರೆ ಆಗಿದ್ದರೆ ಓವರ್‌ಫ್ಲೋ. 120 ಮತ್ತು 15ರಲ್ಲಿ ಕೆಳಗಿನ ಏಳು ಬಿಟ್‌ಗಳು ತುಂಬಿ ಒಂದು ಒಳಬಂತು, ಹೊರಗೆ ಏನೂ ಹೋಗಲಿಲ್ಲ. ಅದಕ್ಕೇ ಓವರ್‌ಫ್ಲೋ 1. 200 ಮತ್ತು 100ರಲ್ಲಿ ಒಂದು ಒಳಬಂತು, ಒಂದು ಹೊರಹೋಯಿತು. ಓವರ್‌ಫ್ಲೋ 0.

ಎರಡೂ ಹೇಳಿಕೆ ಸರಿ, ಪರೀಕ್ಷೆಯಲ್ಲಿ ಯಾವುದು ಬರೆದರೂ ಅಂಕ ಬರುತ್ತದೆ. ಆದರೆ ನನಗೆ ಇಷ್ಟವಾದದ್ದು ಮೂರನೆಯದು, ಅದನ್ನು ಯಾರೂ ನನಗೆ ಕ್ಲಾಸಿನಲ್ಲಿ ಹೇಳಲಿಲ್ಲ. ಎರಡು ಎಂಟು ಬಿಟ್ ಸಂಖ್ಯೆ ಕೂಡಿದರೆ ನಿಜವಾದ ಉತ್ತರ ಒಂಬತ್ತು ಬಿಟ್‌ನಲ್ಲಿ ಖಂಡಿತ ಹಿಡಿಸುತ್ತದೆ. ಹಾಗಾದರೆ ಆ ಒಂಬತ್ತನೇ ಬಿಟ್ ಎಲ್ಲಿ? ಅನ್‌ಸೈನ್ಡ್ ಓದಿಗೆ ಅದು ಕ್ಯಾರಿ. ಸೈನ್ಡ್ ಓದಿಗೆ ಅದು ಸೈನ್ ಫ್ಲ್ಯಾಗ್. ನೆಗೆಟಿವ್ ಅಲ್ಲ, ಸೈನ್. ಈ ಚಿಪ್‌ಗಳಲ್ಲಿ ಇವೆರಡು ಬೇರೆ ಬೇರೆ, ಎಚ್ಚರ. ನೆಗೆಟಿವ್ ಅಂದರೆ ಉತ್ತರದ ಮೇಲಿನ ಬಿಟ್‌ನ ನಕಲು, ಅಷ್ಟೇ. ಅದು ಕಣ್ಣಿಗೆ ಕಾಣುವ ಚಿಹ್ನೆ. ನೆಗೆಟಿವ್ ಮತ್ತು ಓವರ್‌ಫ್ಲೋ ಎರಡರ ಎಕ್ಸ್‌ಕ್ಲೂಸಿವ್ ಆರ್ ಮಾಡಿದರೆ ಸೈನ್ ಬರುತ್ತದೆ. ಅದು ನಿಜವಾದ ಚಿಹ್ನೆ. ನನ್ನ ಯಂತ್ರದಲ್ಲಿ ನೆಗೆಟಿವ್ 1, ಓವರ್‌ಫ್ಲೋ 1, ಆದ್ದರಿಂದ ಸೈನ್ 0. ಬೈಟ್ -121 ಅಂತ ಹೇಳುತ್ತಿರುವಾಗಲೇ ಸೈನ್ ಫ್ಲ್ಯಾಗ್ "ಇಲ್ಲಪ್ಪ, ಇದು ಧನ" ಅನ್ನುತ್ತಿತ್ತು. ಮುಂದೆ ಆ ಸೊನ್ನೆಯನ್ನು ಹಚ್ಚಿ ಓದಿ: 0 1000 0111. ಒಂಬತ್ತು ಬಿಟ್‌ನಲ್ಲಿ ಇದು 135. ಸರಿ ಉತ್ತರ.

ಇನ್ನೊಂದು ತುದಿಯನ್ನೂ ನೋಡಿ. -128ಕ್ಕೆ -128 ಕೂಡಿ. ಬೈಟ್ ಪೂರ್ತಿ ಸೊನ್ನೆ. ಕ್ಯಾರಿ 1, ಓವರ್‌ಫ್ಲೋ 1, ನೆಗೆಟಿವ್ 0, ಸೈನ್ 1. ಸೈನನ್ನು ಮುಂದೆ ಹಚ್ಚಿದರೆ 1 0000 0000, ಅಂದರೆ -256. ಸರಿ. ಕ್ಯಾರಿಯನ್ನು ಹಚ್ಚಿ ಅನ್‌ಸೈನ್ಡ್ ಓದಿದರೆ 128ಕ್ಕೆ 128 ಕೂಡಿ 256. ಅದೂ ಸರಿ. ಝೀರೋ ಫ್ಲ್ಯಾಗ್ ಮಾತ್ರ 1 ಆಗಿ ಕೂತಿದೆ, ಎರಡೂ ಓದಿನಲ್ಲಿ ಮೊತ್ತ ಸೊನ್ನೆ ಅಲ್ಲದಿದ್ದರೂ. ಝೀರೋ ಅಂದರೆ "ಈ ಎಂಟು ಬಿಟ್ ಸೊನ್ನೆ" ಅಂತ ಮಾತ್ರ, ಮೊತ್ತ ಸೊನ್ನೆ ಅಂತ ಅಲ್ಲ. ಇದಕ್ಕೆ ಆಮೇಲೆ ಮತ್ತೆ ಬರುತ್ತೇನೆ.

ಈಗ ಬ್ರ್ಯಾಂಚ್. ಈ ಚಿಪ್‌ಗಳ ಆದೇಶಗಳ ಪಟ್ಟಿ ನೋಡಿದರೆ `BRCS`, `BREQ`, `BRMI`, `BRVS`, `BRLT` ಅಂತ ಉದ್ದಕ್ಕೆ ಇದೆ, ನೋಡಿದ ಕೂಡಲೇ ಬಾಯಿಪಾಠ ಮಾಡಬೇಕಾ ಅಂತ ಗಾಬರಿಯಾಗುತ್ತದೆ. ಬೇಡ. ಒಳಗೆ ಇರುವುದು ಎರಡೇ: `BRBS` ಅಂದರೆ `SREG`ನ ಇಂಥ ಬಿಟ್ 1 ಇದ್ದರೆ ಹಾರು, `BRBC` ಅಂದರೆ 0 ಇದ್ದರೆ ಹಾರು. ಆದೇಶದ ಕೊನೆಯ ಮೂರು ಬಿಟ್‌ಗಳಲ್ಲಿ ಯಾವ ಫ್ಲ್ಯಾಗ್ ಅನ್ನುವ ನಂಬರ್ ಇರುತ್ತದೆ. ಉಳಿದ ಹೆಸರೆಲ್ಲ ಅಡ್ಡಹೆಸರುಗಳು. `BRCS` ಬಿಟ್ 0, ಕ್ಯಾರಿ. `BREQ` ಬಿಟ್ 1, ಝೀರೋ. `BRMI` ಬಿಟ್ 2, ನೆಗೆಟಿವ್. `BRVS` ಬಿಟ್ 3, ಓವರ್‌ಫ್ಲೋ. `BRLT` ಬಿಟ್ 4, ಸೈನ್. `BRLO` ಅಂತ ಒಂದಿದೆ, ಅದು `BRCS`ನ ಇನ್ನೊಂದು ಹೆಸರು ಅಷ್ಟೇ, ಬಿಟ್‌ಗೆ ಬಿಟ್ ಒಂದೇ. ಹೋಲಿಕೆ ಮಾಡಿದ ಮೇಲೆ `BRLO` ಅಂತ ಬರೆದರೆ ಓದೋಕೆ ಅರ್ಥವಾಗುತ್ತದೆ. ಕೂಡಿದ ಮೇಲೆ `BRCS` ಅಂತ ಬರೆಯಿರಿ, ಇಲ್ಲದಿದ್ದರೆ ಆರು ತಿಂಗಳ ನಂತರ ನಿಮಗೇ ತಲೆ ಕೆಡುತ್ತದೆ.

ನಾನು ಮೊದಲು ಬರೆದಿದ್ದು `ADD` ಆದ ಮೇಲೆ `BRMI`. ಕಾಣುವ ಚಿಹ್ನೆ ನೋಡಿ ಹಾರುವ ಆದೇಶ. `BRLT` ಹಾಕಿದ್ದರೆ ಆ ಒಂಬತ್ತನೇ ಸಲ ಹೀಟರ್ ಆಫ್ ಆಗುತ್ತಿರಲಿಲ್ಲ. ಹಾಗಾದರೆ ಎರಡು ಅಕ್ಷರ ಬದಲಿಸಿದರೆ ಮುಗೀತಾ? ಇಲ್ಲ. ನಾನೂ ಹಾಗೇ ಅಂದುಕೊಂಡು ಇನ್ನೊಂದು ಸಂಜೆ ಕಳೆದೆ. ಸೈನ್ ಫ್ಲ್ಯಾಗ್‌ಗೆ ನಿಜ ಗೊತ್ತಿರುವುದು ಮುಂದಿನ ಲೆಕ್ಕ ನಡೆಯುವವರೆಗೆ ಮಾತ್ರ. ರಿಜಿಸ್ಟರ್‌ನಲ್ಲಿ ಉಳಿದಿರುವುದು -121ನೇ. ಹತ್ತು ಸೆಕೆಂಡ್ ಬಿಟ್ಟು ಅದಕ್ಕೆ 15 ಕೂಡಿದಾಗ -106 ಬರುತ್ತದೆ, ಆಗ ಓವರ್‌ಫ್ಲೋ ಇಲ್ಲ, ಸೈನ್ ಕೂಡ ಪ್ರಾಮಾಣಿಕವಾಗಿ "ಋಣ" ಅನ್ನುತ್ತದೆ. ತೊಂಬತ್ತು ಸೆಕೆಂಡಿನ ಬದಲು ಎಂಬತ್ತು ಸೆಕೆಂಡ್ ಆಫ್, ಅಷ್ಟೇ ಲಾಭ.

ಮೊತ್ತವನ್ನೇ ಮಿತಿಯಲ್ಲಿ ನಿಲ್ಲಿಸಬೇಕು. 127 ದಾಟಿದರೆ 127ಕ್ಕೆ, -128ಕ್ಕಿಂತ ಕೆಳಗೆ ಹೋದರೆ -128ಕ್ಕೆ. ಕೊನೆಗೆ ನಿಂತ ಕೋಡ್ ಇದು.

```
    add  r16, r17
    brvc sari
    ldi  r16, 0x7F
    brmi sari
    ldi  r16, 0x80
sari:
```

ಇದನ್ನು ನಿಧಾನಕ್ಕೆ ಓದಿ. ಓವರ್‌ಫ್ಲೋ ಇಲ್ಲದಿದ್ದರೆ `BRVC` ಸೀದಾ ಕೊನೆಗೆ ಹಾರುತ್ತದೆ. ಇದ್ದರೆ, ಮೊದಲು 127 ಅಂತ ಇಟ್ಟುಬಿಡುತ್ತೇವೆ. ಆಮೇಲೆ `BRMI`. ಓವರ್‌ಫ್ಲೋ ಆದಾಗ ಕಾಣುವ ಚಿಹ್ನೆ ಯಾವಾಗಲೂ ಉಲ್ಟಾ. ಋಣ ಕಂಡರೆ ನಿಜಕ್ಕೂ ಧನದ ಕಡೆ ಉಕ್ಕಿದೆ ಅಂತ ಅರ್ಥ, 127 ಸರಿ, ಹಾರಿ ಹೋಗು. ಇಲ್ಲದಿದ್ದರೆ -128 ಹಾಕು, ಅದು 0x80. ನಡುವೆ `LDI` ಇದ್ದರೂ ಆಮೇಲೆ `BRMI` ಹೇಗೆ ಕೆಲಸ ಮಾಡುತ್ತದೆ ಅಂತ ಹಿಂದಿನ ಬೆಂಚಿನಿಂದ ಒಬ್ಬರು ಕೇಳಿದರು. ಒಳ್ಳೇ ಪ್ರಶ್ನೆ. `LDI` ಯಾವ ಫ್ಲ್ಯಾಗನ್ನೂ ಮುಟ್ಟುವುದಿಲ್ಲ. `MOV` ಕೂಡ ಮುಟ್ಟುವುದಿಲ್ಲ, ಬ್ರ್ಯಾಂಚ್‌ಗಳೂ ಮುಟ್ಟುವುದಿಲ್ಲ. `BRMI` ನೋಡುತ್ತಿರುವುದು ಮೂರು ಸಾಲು ಹಿಂದಿನ `ADD` ಬರೆದಿಟ್ಟ ವರದಿಯನ್ನೇ. ಯಾವ ಆದೇಶ ಯಾವ ಫ್ಲ್ಯಾಗ್ ಮುಟ್ಟುತ್ತದೆ ಅನ್ನುವ ಕಾಲಮ್ ಮ್ಯಾನ್ಯುಅಲ್‌ನಲ್ಲಿ ಪ್ರತಿ ಆದೇಶದ ಎದುರಿಗೂ ಇದೆ. ಅಸೆಂಬ್ಲಿ ಬರೆಯುವಾಗ ನಾನು ಅತಿ ಜಾಸ್ತಿ ನೋಡುವ ಕಾಲಮ್ ಅದು.

ಅನ್‌ಸೈನ್ಡ್‌ಗೆ ಇದೇ ಕೆಲಸ ಎರಡೇ ಸಾಲು: `BRCC`, ಇಲ್ಲದಿದ್ದರೆ 255 ಹಾಕು. ಇಲ್ಲಿ ದಿಕ್ಕು ಒಂದೇ ಆದ್ದರಿಂದ ಎರಡನೇ ಪ್ರಶ್ನೆ ಬೇಕಿಲ್ಲ. ಇನ್ನೊಂದು ಚಂದದ ಉಪಾಯವೂ ಇದೆ. ಎರಡು ಅನ್‌ಸೈನ್ಡ್ ಬೈಟ್‌ಗಳ ಸರಾಸರಿ ಬೇಕು, ಮೊತ್ತ 255 ದಾಟಬಹುದು. `ADD` ಮಾಡಿ, ಕೂಡಲೇ `ROR` ಮಾಡಿ. `ROR` ಕ್ಯಾರಿಯನ್ನು ಮೇಲಿನ ಬಿಟ್‌ಗೆ ಎಳೆದುಕೊಂಡು ಉಳಿದದ್ದನ್ನು ಒಂದು ಸ್ಥಾನ ಬಲಕ್ಕೆ ಸರಿಸುತ್ತದೆ. 200 ಮತ್ತು 100: ಬೈಟ್ 44, ಕ್ಯಾರಿ 1. ಸರಿಸಿದರೆ 22, ಮೇಲಿಂದ ಬಂದ ಬಿಟ್‌ಗೆ 128. ಒಟ್ಟು 150. ಒಂಬತ್ತನೇ ಬಿಟ್ ಅಂತ ನಾನು ಹೇಳಿದ್ದು ಬರೀ ಮಾತಿಗಲ್ಲ ಅಂತ ಇಲ್ಲಿ ಕಾಣುತ್ತದೆ.

ಕಾಲೇಜಿನ ಲ್ಯಾಬ್‌ನಲ್ಲಿ 8085 ಕಿಟ್ ಒತ್ತಿದವರು ಇಲ್ಲಿ ಇದ್ದೀರಿ. ಅದರ ಪುಸ್ತಕದಲ್ಲಿ ಐದು ಫ್ಲ್ಯಾಗ್ ಕೊಟ್ಟಿರುತ್ತಾರೆ: ಸೈನ್, ಝೀರೋ, ಆಕ್ಸಿಲರಿ ಕ್ಯಾರಿ, ಪ್ಯಾರಿಟಿ, ಕ್ಯಾರಿ. ಓವರ್‌ಫ್ಲೋ ಇಲ್ಲ. ಅಲ್ಲಿ ಸೈನ್ ಅಂದರೆ ಇಲ್ಲಿನ ನೆಗೆಟಿವ್, ಬರೀ ಮೇಲಿನ ಬಿಟ್. ಆ ಪಾಠ ತಲೆಯಲ್ಲಿಟ್ಟುಕೊಂಡು ಬಂದವರು ಸೈನ್ಡ್ ಲೆಕ್ಕಕ್ಕೆ ಮೇಲಿನ ಬಿಟ್ ನೋಡಿದರೆ ಸಾಕು ಅಂದುಕೊಳ್ಳುವುದು ಸಹಜ. ನಾನೂ ಆ ಗುಂಪಿನವನೇ.

ಈಗ ಝೀರೋ ಫ್ಲ್ಯಾಗ್‌ಗೆ ವಾಪಸ್. ಯಂತ್ರದ ಮುಂದಿನ ಆವೃತ್ತಿಯಲ್ಲಿ ಮೊತ್ತವನ್ನು ಹದಿನಾರು ಬಿಟ್ ಮಾಡಿದೆ. ಎಂಟು ಬಿಟ್ ಚಿಪ್‌ನಲ್ಲಿ ಹದಿನಾರು ಬಿಟ್ ಕೂಡುವುದು ಎರಡು ಮೆಟ್ಟಿಲಿನ ಕೆಲಸ.

```
    add  r24, r22
    adc  r25, r23
    breq sonne
```

ಮೊದಲ ಸಾಲು ಕೆಳಗಿನ ಬೈಟ್ ಕೂಡುತ್ತದೆ. `ADC` ಮೇಲಿನ ಬೈಟ್‌ಗಳ ಜೊತೆ ಕ್ಯಾರಿಯನ್ನೂ ಸೇರಿಸುತ್ತದೆ, ಅದೇ ಹಳೇ ದಶಕ. ಎರಡನೇ ಸಾಲು ಮುಗಿದ ಮೇಲೆ ಕ್ಯಾರಿ ಹದಿನಾರು ಬಿಟ್‌ಗೂ ಸರಿ, ಓವರ್‌ಫ್ಲೋ ಸರಿ, ಸೈನ್ ಸರಿ. ಯಾಕೆಂದರೆ ಇವೆಲ್ಲ ಮೇಲಿನ ತುದಿಯ ಸುದ್ದಿ, ಮೇಲಿನ ತುದಿ ಇರುವುದು ಕೊನೆಯ ಬೈಟ್‌ನಲ್ಲಿ. ಝೀರೋ ಹಾಗಲ್ಲ. ಅದಕ್ಕೆ ಎಲ್ಲ ಬಿಟ್‌ಗಳೂ ಬೇಕು. ಆದರೆ `ADC` ನೋಡುವುದು ತಾನು ಕೂಡಿದ ಬೈಟನ್ನು ಮಾತ್ರ. 0x0012ಕ್ಕೆ 0x0001 ಕೂಡಿ. ಮೊತ್ತ 0x0013. ಮೇಲಿನ ಬೈಟ್ ಸೊನ್ನೆ, ಝೀರೋ ಫ್ಲ್ಯಾಗ್ 1, `BREQ` ಖುಷಿಯಾಗಿ "ಸೊನ್ನೆ" ಕಡೆ ಹಾರುತ್ತದೆ. ಮೊತ್ತ 256ಕ್ಕಿಂತ ಕಡಿಮೆ ಇದ್ದಾಗಲೆಲ್ಲ ಹೀಗೇ. ಪರೀಕ್ಷೆಗೆ ದೊಡ್ಡ ಸಂಖ್ಯೆಗಳನ್ನೇ ಕೊಟ್ಟು ನೋಡಿದರೆ ಈ ತಪ್ಪು ಸಿಗುವುದೇ ಇಲ್ಲ.

ತಮಾಷೆ ಏನೆಂದರೆ, ಇದೇ ಚಿಪ್‌ನಲ್ಲಿ ಕಳೆಯುವಾಗ ಮತ್ತು ಹೋಲಿಸುವಾಗ ಈ ತೊಂದರೆ ಇಲ್ಲ. `SBC` ಮತ್ತು `CPC` ಝೀರೋ ಫ್ಲ್ಯಾಗನ್ನು ಹೊಸದಾಗಿ ಎತ್ತುವುದಿಲ್ಲ. ಈ ಬೈಟ್ ಸೊನ್ನೆ ಅಲ್ಲದಿದ್ದರೆ ಇಳಿಸುತ್ತವೆ, ಸೊನ್ನೆ ಆಗಿದ್ದರೆ ಹಿಂದೆ ಏನಿತ್ತೋ ಹಾಗೇ ಬಿಡುತ್ತವೆ. ಹಾಗಾಗಿ `CP`, `CPC` ಆದ ಮೇಲೆ `BREQ` ಹದಿನಾರು ಬಿಟ್‌ಗೂ ಸರಿಯಾಗಿ ನಡೆಯುತ್ತದೆ. ಹೋಲಿಕೆಯಲ್ಲಿ ಇದು ದಿನಾ ಬೇಕಾಗುವ ಸೌಲಭ್ಯ, ಕೂಡಿದ ಮೇಲೆ ಸೊನ್ನೆಯಾ ಅಂತ ಕೇಳುವವರು ಕಡಿಮೆ, ಅದಕ್ಕೇ ಇರಬಹುದು. ಆದರೆ ಹೋಲಿಕೆಯಲ್ಲಿ ಸರಿ ಹೋಗುತ್ತದೆ ಅಂತ ಕೂಡುವಲ್ಲೂ ನಂಬಿದರೆ ಕೆಟ್ಟಿರಿ. ಕೂಡಿದ ಮೇಲೆ ಸೊನ್ನೆ ನೋಡಬೇಕಾದರೆ ಎರಡೂ ಬೈಟನ್ನು ಸೇರಿಸಿ ನೋಡಬೇಕು:

```
    mov  r18, r24
    or   r18, r25
    breq sonne
```

ಇದರಲ್ಲೂ ಒಂದು ಮುಳ್ಳಿದೆ. `OR` ಕ್ಯಾರಿಯನ್ನು ಮುಟ್ಟುವುದಿಲ್ಲ, ಆದರೆ ಓವರ್‌ಫ್ಲೋ ಫ್ಲ್ಯಾಗನ್ನು ಇಳಿಸಿಬಿಡುತ್ತದೆ. ಓವರ್‌ಫ್ಲೋ ನೋಡುವುದಿದ್ದರೆ `ADC` ಆದ ತಕ್ಷಣ ನೋಡಿ, ಸೊನ್ನೆ ಆಮೇಲೆ.

`INC` ಬಗ್ಗೆ ಒಂದೇ ಮಾತು. ಒಂದು ಕೂಡೋಕೆ `INC` ಇದೆಯಲ್ಲ ಅಂತ ಬಳಸಿ ಆಮೇಲೆ `BRCS` ಹಾಕಬೇಡಿ. `INC` ಕ್ಯಾರಿಯನ್ನು ಮುಟ್ಟುವುದೇ ಇಲ್ಲ. ಅಲ್ಲಿರುವುದು ಯಾವುದೋ ಹಳೇ ಲೆಕ್ಕದ ಕ್ಯಾರಿ. 255 ದಾಟಿತಾ ಅಂತ ತಿಳಿಯೋಕೆ `INC` ಆದ ಮೇಲೆ ಝೀರೋ ನೋಡಿ, 255 ಆದ ಮೇಲೆ ಬರುವುದು ಸೊನ್ನೆಯೇ ತಾನೆ.

ಕೊನೆಯಲ್ಲಿ ಒಬ್ಬ ಹುಡುಗಿ ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. "ಸರ್, `ADD` ಮತ್ತು `BRVC` ನಡುವೆ ಇಂಟರಪ್ಟ್ ಬಂದರೆ?" ಈ ಚಿಪ್‌ಗಳಲ್ಲಿ ಇಂಟರಪ್ಟ್ ಬಂದಾಗ ವಾಪಸ್ ಬರುವ ವಿಳಾಸ ತಾನಾಗೇ ಉಳಿಯುತ್ತದೆ, `SREG` ಉಳಿಯುವುದಿಲ್ಲ. ಇಂಟರಪ್ಟ್ ಒಳಗೆ ನೀವು ಒಂದು ಟೈಮರ್ ಎಣಿಕೆ ಏರಿಸಿದರೂ ಸಾಕು, ವಾಪಸ್ ಬಂದ `BRVC` ನೋಡುವುದು ಟೈಮರ್‌ನ ವರದಿಯನ್ನು. ಆ ಎರಡು ಆದೇಶಗಳ ನಡುವಿನ ಕಿಂಡಿ ಚಿಕ್ಕದು, ಅದಕ್ಕೇ ತಪ್ಪು ಗಂಟೆಗೊಮ್ಮೆಯೋ ದಿನಕ್ಕೊಮ್ಮೆಯೋ ಬರುತ್ತದೆ. ಕಾಫಿ ಯಂತ್ರದ ಹಾಗೆ ಗಡಿಯಾರ ಹಿಡಿದು ಹುಡುಕೋಕಾಗುವುದಿಲ್ಲ. ಸಿ ಭಾಷೆಯಲ್ಲಿ ಬರೆದರೆ ಕಂಪೈಲರ್ ಇದನ್ನು ನೋಡಿಕೊಳ್ಳುತ್ತದೆ. ಕೈಯಲ್ಲಿ ಬರೆಯುವುದಾದರೆ ಬೇರೆ ಯಾವುದಕ್ಕೂ ಬಳಸದ ಒಂದು ರಿಜಿಸ್ಟರ್ ಮೀಸಲಿಟ್ಟು, ಒಳಗೆ ಹೋದ ಕೂಡಲೇ ಮೊದಲ ಸಾಲು ಮತ್ತು `RETI`ಗೆ ಮುಂಚಿನ ಸಾಲು ಇವಾಗಿರಲಿ:

```
    in   r15, SREG
    ; ಇಂಟರಪ್ಟ್ ಕೆಲಸ
    out  SREG, r15
    reti
```

"ಮೊದಲ ಸಾಲು `IN` ಆದರೆ ಅದೇ ಫ್ಲ್ಯಾಗ್ ಕೆಡಿಸುವುದಿಲ್ವಾ?" ಅಂತ ಅವಳೇ ಮತ್ತೆ ಕೇಳಿದಳು. ಇಲ್ಲ, `IN` ಯಾವ ಫ್ಲ್ಯಾಗನ್ನೂ ಮುಟ್ಟುವುದಿಲ್ಲ. ನಾನು ಹೇಳುವಷ್ಟರಲ್ಲಿ ಅವಳು ಮೊಬೈಲ್‌ನಲ್ಲಿ ಮ್ಯಾನ್ಯುಅಲ್ ತೆರೆದು ಆ ಕಾಲಮ್ಮನ್ನೇ ನೋಡುತ್ತಿದ್ದಳು.